ಸ್ವಾತಂತ್ರ್ಯ, ಸಮಾನತೆ, ನ್ಯಾಯ: ಕೆ-ಸೆಟ್ ರಾಜ್ಯಶಾಸ್ತ್ರ ಅಭ್ಯಾಸ ಪ್ರಶ್ನೆಗಳು

ಐದು ಪ್ರಶ್ನೆ, ಏಳು ನಿಮಿಷ. ವಿವರಣೆ ಮುಚ್ಚಿಟ್ಟುಕೊಂಡು ಉತ್ತರಿಸಿ.

1. ಆ ಊರಿನ ಹುಡುಗಿಯರು ಕಾಲೇಜಿಗೆ ಹೋಗುವುದನ್ನು ಯಾರೂ ತಡೆಯುವುದಿಲ್ಲ. ಆದರೆ ಶುಲ್ಕ ಕಟ್ಟಲು ಅವರ ಬಳಿ ಹಣವಿಲ್ಲ. ಹಣವಿಲ್ಲದಿರುವುದಕ್ಕೆ ಯಾರ ಕೈವಾಡವೂ ಕಾರಣವಲ್ಲ ಎಂದಿಟ್ಟುಕೊಳ್ಳಿ. ಐಸೈಯಾ ಬರ್ಲಿನ್ ಪ್ರಕಾರ ಅವರಿಗೆ ಇಲ್ಲದಿರುವುದು:
ಎ) ನಕಾರಾತ್ಮಕ ಸ್ವಾತಂತ್ರ್ಯ
ಬಿ) ಸಕಾರಾತ್ಮಕ ಸ್ವಾತಂತ್ರ್ಯ
ಸಿ) ಸ್ವಾತಂತ್ರ್ಯವನ್ನು ಬಳಸುವ ಅನುಕೂಲ
ಡಿ) ಎರಡೂ ಬಗೆಯ ಸ್ವಾತಂತ್ರ್ಯ

ಉತ್ತರ: ಸಿ. ಹೆಚ್ಚಿನವರು ‘ಬಿ’ ಗುರುತಿಸುತ್ತಾರೆ. ‘ನಕಾರಾತ್ಮಕವೆಂದರೆ ತಡೆ ಇಲ್ಲದಿರುವುದು, ಸಕಾರಾತ್ಮಕವೆಂದರೆ ಸೌಲಭ್ಯ ಇರುವುದು’ ಎಂಬ ಗೈಡು ಪುಸ್ತಕದ ಸೂತ್ರವೇ ಇದಕ್ಕೆ ಕಾರಣ. ಬರ್ಲಿನ್ 1958ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಸಕಾರಾತ್ಮಕ ಸ್ವಾತಂತ್ರ್ಯ ಎಂದದ್ದು ತನ್ನನ್ನು ತಾನೇ ಆಳಿಕೊಳ್ಳುವುದಕ್ಕೆ. ಹಣ, ಶಿಕ್ಷಣಗಳು ಸ್ವಾತಂತ್ರ್ಯ ಬಳಸಲು ಬೇಕಾದವು, ಅವೇ ಸ್ವಾತಂತ್ರ್ಯವಲ್ಲ. ಬಡತನವನ್ನು ಮನುಷ್ಯರೇ ಅನ್ಯಾಯದ ಏರ್ಪಾಡಿನಿಂದ ತಂದಿದ್ದಾರೆ ಎಂದು ಪ್ರಶ್ನೆಯಲ್ಲಿದ್ದರೆ ಉತ್ತರ ‘ಎ’ ಆಗಬಹುದು. ಪ್ರಶ್ನೆಯ ಮೂರನೇ ವಾಕ್ಯ ಬಂದಿರುವುದು ಅದಕ್ಕಾಗಿಯೇ.

2. 14ನೇ ವಿಧಿಯ ‘ಕಾನೂನಿನ ಸಮಾನ ರಕ್ಷಣೆ’ಗೆ ಹೊಂದುವುದು:
ಎ) ಬ್ರಿಟಿಷ್ ಮೂಲ; ಎಲ್ಲರಿಗೂ ಒಂದೇ ನಿಯಮ
ಬಿ) ಅಮೆರಿಕದ ಮೂಲ, ಸಮಾನರನ್ನು ಸಮಾನವಾಗಿ ಕಾಣುವುದು
ಸಿ) ಬ್ರಿಟಿಷ್ ಮೂಲ; ಸಮಂಜಸ ವರ್ಗೀಕರಣ
ಡಿ) ಅಮೆರಿಕದ ಮೂಲ, ವರ್ಗೀಕರಣಕ್ಕೆ ಪೂರ್ಣ ನಿಷೇಧ

ಉತ್ತರ: ಬಿ. ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ (1868) ಮಾತಿದು. ‘ಕಾನೂನಿನ ಮುಂದೆ ಸಮಾನತೆ’ ಬ್ರಿಟಿಷ್ ಮೂಲದ್ದು. ಯಾರಿಗೂ ವಿಶೇಷ ಸವಲತ್ತಿಲ್ಲ ಎನ್ನುತ್ತದೆ.

3. ಲಾರಿ ಗುದ್ದಿ ಶ್ರೀಮಂತನ ಕಾಂಪೌಂಡ್ ಬಿತ್ತು. ಬಡ ಮಾಲೀಕ ಪೂರ್ತಿ ನಷ್ಟ ತುಂಬಿಕೊಡಬೇಕೆಂದು ತೀರ್ಪಾಯಿತು. ಅರಿಸ್ಟಾಟಲ್ ಪ್ರಕಾರ ಇದು:
ಎ) ವಿತರಣಾ ನ್ಯಾಯ
ಬಿ) ಸರಿಪಡಿಸುವ ನ್ಯಾಯ
ಸಿ) ಸಾಮಾಜಿಕ ನ್ಯಾಯ
ಡಿ) ಕಾರ್ಯವಿಧಾನದ ನ್ಯಾಯ

ಉತ್ತರ: ಬಿ. ಇಲ್ಲಿ ಲೆಕ್ಕಕ್ಕೆ ಬರುವುದು ನಷ್ಟ ಮಾತ್ರ, ಯಾರು ಎಷ್ಟು ಅರ್ಹರು ಎಂಬುದಲ್ಲ. ಗೌರವ, ಸಂಪತ್ತನ್ನು ಅರ್ಹತೆಗೆ ತಕ್ಕಂತೆ ಹಂಚುವುದು ವಿತರಣಾ ನ್ಯಾಯ.

4. ‘ಪತ್ರಿಕಾ ಸ್ವಾತಂತ್ರ್ಯ ಮೊಟಕಾದರೂ ಸರಿ, ಕಡುಬಡವರ ಆದಾಯ ಹೆಚ್ಚಲಿ.’ ಮೂಲ ಸ್ವಾತಂತ್ರ್ಯಗಳಿಗೆ ತಕ್ಕ ಪರಿಸ್ಥಿತಿಯಿರುವ ಸಮಾಜದಲ್ಲಿ ಜಾನ್ ರಾಲ್ಸ್:
ಎ) ಭಿನ್ನತೆಯ ತತ್ವದಂತೆ ಒಪ್ಪುತ್ತಾರೆ
ಬಿ) ಉಪಯುಕ್ತತೆಯ ಆಧಾರದಲ್ಲಿ ಒಪ್ಪುತ್ತಾರೆ
ಸಿ) ಸ್ವಾತಂತ್ರ್ಯದ ಆದ್ಯತೆಯಿಂದ ತಿರಸ್ಕರಿಸುತ್ತಾರೆ
ಡಿ) ಆಸ್ತಿಹಕ್ಕಿನ ಕಾರಣಕ್ಕೆ ತಿರಸ್ಕರಿಸುತ್ತಾರೆ

ಉತ್ತರ: ಸಿ. ‘ಕಡುಬಡವರು’ ಎಂಬ ಪದ ಕಂಡೊಡನೆ ‘ಎ’ ಗುರುತಿಸಬೇಡಿ. ಮೊದಲು ಸಮಾನ ಮೂಲ ಸ್ವಾತಂತ್ರ್ಯ, ನಂತರ ಅವಕಾಶದ ನ್ಯಾಯಯುತ ಸಮಾನತೆ, ಕೊನೆಗೆ ಭಿನ್ನತೆಯ ತತ್ವ. ಮೇಲಿನದನ್ನು ಬಿಟ್ಟುಕೊಟ್ಟು ಕೆಳಗಿನದನ್ನು ಪಡೆಯುವಂತಿಲ್ಲ.

5. ತಪ್ಪಾದ ಜೋಡಿ ಯಾವುದು?
ಎ) ಮಿಲ್ – ಹಾನಿ ತತ್ವ
ಬಿ) ರಾಲ್ಸ್ – ಅಜ್ಞಾನದ ಪರದೆ
ಸಿ) ನೋಜಿಕ್ – ಭಿನ್ನತೆಯ ತತ್ವ
ಡಿ) ಡ್ವರ್ಕಿನ್ – ಸಂಪನ್ಮೂಲಗಳ ಸಮಾನತೆ

ಉತ್ತರ: ಸಿ. ನೋಜಿಕ್‌ರದು ಹಕ್ಕುದಾರಿಕೆಯ ಸಿದ್ಧಾಂತ (1974). ಆಸ್ತಿ ನ್ಯಾಯವಾಗಿ ಬಂದಿದ್ದರೆ, ನ್ಯಾಯವಾಗಿ ಕೈಬದಲಾಗಿದ್ದರೆ ಅಸಮಾನತೆಯೊಂದೇ ಅನ್ಯಾಯವಾಗದು.