ವಿಷಯ: ತಾರಸಿ ಶೀಟಿನ ಕೊಟೇಷನ್ – ವಾಯಿದೆ ಮತ್ತು ಹಣ ಕೊಡುವ ರೀತಿ

ಸಾಗರ, 24 ಮಾರ್ಚ್ 2025

ಮೇಷ್ಟ್ರಿಗೆ ನಮಸ್ಕಾರ.

ಮಾರ್ಚ್ 3ರಂದು ನಿಮ್ಮ ರಿಪ್ಪನ್‌ಪೇಟೆ ಮನೆಯ ತಾರಸಿಗೆ ಶೀಟ್ ಹಾಕುವ ಕೊಟೇಷನ್ ಕೊಟ್ಟಿದ್ದೆ. ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ಕೇಳಿದರೆ ಆ ಕ್ಷಣಕ್ಕೇ ಏನಾದರೂ ಹೇಳಬೇಕಾಗುತ್ತದೆ, ಅಲ್ವಾ? ಅದಕ್ಕೆ ಬರೆಯುತ್ತಿದ್ದೇನೆ. ಬಿಡುವಾದಾಗ ಓದಿ, ಮನೆಯಲ್ಲಿ ಮಾತಾಡಿ.

ಕೊಟೇಷನ್ನಿನ ಕೆಳಗೆ '30 ದಿನ ಮಾತ್ರ' ಅಂತ ಬರೆದಿತ್ತು. ಆ ಲೆಕ್ಕಕ್ಕೆ ಏಪ್ರಿಲ್ 2ಕ್ಕೆ ವಾಯಿದೆ ಮುಗಿಯುತ್ತದೆ. ನಡುವೆ 30ಕ್ಕೆ ಯುಗಾದಿ. ಮಗ ಹಬ್ಬಕ್ಕೆ ಊರಿಗೆ ಬರುತ್ತಾನೆ, ಅವನನ್ನೂ ಕೇಳಬೇಕು ಅಂತ ನೀವು ಅವತ್ತು ಹೇಳಿದ್ದು ನೆನಪಿದೆ. ಹಾಗಾಗಿ ನಮಗೆ ಮಾಲು ಕೊಡುವ ಅಂಗಡಿಯವರನ್ನು ಕೇಳಿ ಇದೇ ರೇಟನ್ನು ಏಪ್ರಿಲ್ 12ರವರೆಗೆ ನಿಲ್ಲಿಸಿಕೊಂಡಿದ್ದೇನೆ. ಹಬ್ಬ ಮುಗಿಸಿ ನಿಧಾನವಾಗಿ ನೋಡಿ.

12 ದಾಟಿದರೆ ಕೊಟೇಷನ್ ರದ್ದು ಅಂತೇನಲ್ಲ. ಪೈಪು ಮತ್ತು ಶೀಟಿನ ರೇಟು ಮಾತ್ರ ಆ ದಿನದ್ದು ಹಿಡಿಯಬೇಕಾಗುತ್ತದೆ. ಕೂಲಿ, ಸ್ಕ್ರೂ, ಪ್ರೈಮರ್, ಬಣ್ಣ, ನೀರಿನ ದೋಣಿ, ಸಾಗಾಣಿಕೆ ಎಲ್ಲ ಸೇರಿ 1,19,250 ರೂಪಾಯಿ ಬರೆದಿದ್ದೆನಲ್ಲ, ಅದು ಈ ವರ್ಷ ಪೂರ್ತಿ ಅಷ್ಟೇ. ಉಳಿದದ್ದು ಹೆಚ್ಚುಕಡಿಮೆ ಆದರೆ ಎಷ್ಟಾಗಬಹುದು ಅಂತ ನೋಡಿ. ನಿಮ್ಮ ಕೆಲಸಕ್ಕೆ ಸುಮಾರು 1,800 ಕೆಜಿ ಪೈಪು ಬೇಕು. ಕೆಜಿಗೆ 75 ರೂಪಾಯಿ ಹಿಡಿದಿದ್ದೇನೆ. ಅದು 78 ಆದರೆ 5,400 ರೂಪಾಯಿ ಜಾಸ್ತಿ, ಅದರ ಮೇಲೆ ಟ್ಯಾಕ್ಸ್. 72ಕ್ಕೆ ಇಳಿದರೆ ಅಷ್ಟೇ ಕಮ್ಮಿ ಮಾಡುತ್ತೇನೆ. ಅಂಗಡಿಯ ಬಿಲ್ಲು ನಿಮ್ಮ ಕೈಗೇ ಕೊಡುತ್ತೇನೆ.

ಹೊರದೇಶದಿಂದ ಬರುವ ಉಕ್ಕಿನ ಮೇಲೆ ಶೇ. 12 ಸುಂಕ ಹಾಕಬೇಕು ಅಂತ ಕಳೆದ ವಾರ ಶಿಫಾರಸು ಆಗಿದೆ. ಪೇಪರಿನಲ್ಲಿ ನೀವೂ ಓದಿರಬಹುದು. ಅಂಗಡಿಗಳಲ್ಲಿ ಈಗಲೇ 'ರೇಟ್ ಏರುತ್ತೆ, ಬೇಗ ಬುಕ್ ಮಾಡಿ' ಅನ್ನುವ ಮಾತು ಶುರುವಾಗಿದೆ. ಏರಬಹುದು, ಏರದೆಯೂ ಇರಬಹುದು. ನಿಮ್ಮ ಕೆಲಸಕ್ಕೆ ಅದರಿಂದ ಆಗುವ ವ್ಯತ್ಯಾಸ ಎಷ್ಟರಮಟ್ಟಿಗೆ ಅಂತ ಮೇಲಿನ ಲೆಕ್ಕದಲ್ಲೇ ಗೊತ್ತಾಗುತ್ತದೆ. ಅದೊಂದಕ್ಕೇ ಹೆದರಿ ಅವಸರ ಮಾಡಬೇಡಿ.

ಇನ್ನು ಅಡ್ವಾನ್ಸ್ ವಿಷಯ. ನಾನು ಅರ್ಧ ಹಣ ಮೊದಲೇ ಅಂತ ಬರೆದಿದ್ದೆ. ಅದನ್ನು ಓದಿದಾಗ ನಿಮ್ಮ ಮುಖ ನೋಡಿದೆ. ಅಮ್ಮನವರಂತೂ ಮಜ್ಜಿಗೆ ಲೋಟ ಕೆಳಗಿಟ್ಟು 'ಅರ್ಧವಾ?' ಅಂತ ಕೇಳಿಯೇಬಿಟ್ಟರು. ಅವರು ಕೇಳಿದ್ದು ಸರಿ. ಆದರೆ ನಾನು ಯಾಕೆ ಹಾಗೆ ಬರೆಯುತ್ತೇನೆ ಅಂತ ಹೇಳಿಬಿಡುತ್ತೇನೆ. ಐದಾರು ವರ್ಷದ ಹಿಂದೆ ಒಂದು ಮನೆಗೆ ಹತ್ತು ಸಾವಿರ ಮಾತ್ರ ತಗೊಂಡು ಶೀಟ್ ಆರ್ಡರ್ ಕೊಟ್ಟೆ. ಶೀಟನ್ನು ಅಳತೆಗೆ ಸರಿಯಾಗಿ ಕತ್ತರಿಸಿಯೇ ಕಳಿಸುತ್ತಾರೆ, ವಾಪಸ್ ತಗೊಳ್ಳುವುದಿಲ್ಲ. ಮಾಲು ಬಂದ ಮೇಲೆ ಅವರು ಕೆಲಸ ಬೇಡ ಅಂದರು. ಹದಿಮೂರೂವರೆ ಅಡಿಯ ಹಸಿರು ಶೀಟುಗಳು ಎರಡು ಮಳೆಗಾಲ ನಮ್ಮ ಶೆಡ್ಡಿನ ಗೋಡೆಗೆ ಒರಗಿಕೊಂಡಿದ್ದವು. ಆ ಅಳತೆ ಬೇರೆ ಯಾರ ಮನೆಗೂ ಕೂರಲಿಲ್ಲ. ಕೊನೆಗೆ ಕೊಟ್ಟಿಗೆಗೆ, ಕೋಳಿಗೂಡಿಗೆ ಅಂತ ಕತ್ತರಿಸಿ ಕೊಟ್ಟೆ. ಅದಾದ ಮೇಲೆ ಎಲ್ಲರಿಗೂ ಅರ್ಧ ಅಂತಲೇ ಬರೆಯುವುದು ರೂಢಿಯಾಯಿತು. ಯಾರದೋ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದ ಹಾಗಾಯಿತು ಅದು.

ನಿಮ್ಮ ಕೆಲಸಕ್ಕೆ ಹೀಗೆ ಮಾಡೋಣ ಅನ್ನಿಸುತ್ತದೆ. 1,500 ಚದರ ಅಡಿಗೆ 3,45,000, ಶೇ. 18 ಜಿಎಸ್‌ಟಿ ಸೇರಿ ಒಟ್ಟು 4,07,100 ರೂಪಾಯಿ. ಕೆಲಸ ಒಪ್ಪಿಕೊಂಡ ದಿನ 1,22,000 ಕೊಟ್ಟರೆ ಸಾಕು. ಶೀಟಿನ ಹಣ ಅದರಲ್ಲಿ ಕಳೆಯುತ್ತದೆ, ಪೈಪನ್ನು ಅಂಗಡಿಯವರು ನನಗೆ ಕೆಲವು ದಿನ ಸಾಲ ಕೊಡುತ್ತಾರೆ. ಮಾಲು ನಿಮ್ಮ ಅಂಗಳದಲ್ಲಿ ಇಳಿದು, ವೇ ಬ್ರಿಡ್ಜ್ ಚೀಟಿ ನೋಡಿ, ಶೀಟ್ ಎಣಿಸಿಕೊಂಡ ಮೇಲೆ 2,04,000. ಕೆಲಸ ಮುಗಿದ ದಿನ 40,000. ಉಳಿದ 41,100 ರೂಪಾಯಿಯನ್ನು ಮೊದಲ ಜೋರು ಮಳೆ ಬಂದು, ಎಲ್ಲೂ ಸೋರಿಲ್ಲ ಅಂತ ನೀವೇ ತಾರಸಿ ಹತ್ತಿ ನೋಡಿದ ಮೇಲೆ ಕೊಡಿ. ಎಲ್ಲಾದರೂ ಹನಿ ಬಿದ್ದರೆ ಬಂದು ಸರಿ ಮಾಡುವವರೆಗೆ ಆ ಹಣ ನಿಮ್ಮಲ್ಲೇ ಇರಲಿ. ಚೆಕ್ ಆದರೂ ಸರಿ, ಬ್ಯಾಂಕಿಗೆ ಹಾಕಿದರೂ ಸರಿ. ಪ್ರತಿ ಸಲವೂ ರಸೀದಿ ಕೊಡುತ್ತೇನೆ.

ನನ್ನ ಕೈಗೆ ಮೊದಲೇ ಹಣ ಕೊಡುವುದು ಮನಸ್ಸಿಗೆ ಬರದಿದ್ದರೆ ಇನ್ನೊಂದು ದಾರಿ ಇದೆ. ಪೈಪು, ಶೀಟನ್ನು ನೀವೇ ನಿಮ್ಮ ಹೆಸರಿಗೆ ಬಿಲ್ ಮಾಡಿಸಿ ತಗೊಳ್ಳಿ. ಪಟ್ಟಿ ಬರೆದುಕೊಡುತ್ತೇನೆ, ಬೇಕಾದರೆ ಅಂಗಡಿಗೆ ಜೊತೆಗೂ ಬರುತ್ತೇನೆ. ಆಗ ನನಗೆ ಬರಬೇಕಾದ್ದು ಟ್ಯಾಕ್ಸ್ ಸೇರಿ 1,40,715 ಮಾತ್ರ, ಅಡ್ವಾನ್ಸ್ ಬೇಡ. ನನಗೆ ಎರಡೂ ಒಂದೇ. ನಿಮಗೆ ಓಡಾಟ ಸ್ವಲ್ಪ ಜಾಸ್ತಿ ಆಗುತ್ತದೆ, ಅಷ್ಟೇ.

ಬೇರೆಯವರಿಂದಲೂ ಕೊಟೇಷನ್ ತರಿಸುತ್ತಿದ್ದರೆ ಖಂಡಿತ ತರಿಸಿ. ಒಟ್ಟು ಮೊತ್ತ ಮಾತ್ರ ನೋಡಬೇಡಿ. ಪೈಪಿನ ದಪ್ಪ ಎಷ್ಟು ಅಂತ ಕೇಳಿ. ನಾನು ಬರೆದಿರುವುದು 2 ಎಂಎಂ. 1.6 ಎಂಎಂ ಪೈಪಿಗೆ ಬಣ್ಣ ಹೊಡೆದರೆ ನೋಡುವುದಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ತೂಕದಲ್ಲಿ ಮಾತ್ರ ಸಿಗುತ್ತದೆ. ಶೀಟು 0.50 ಎಂಎಂನದೋ 0.40 ಎಂಎಂನದೋ ಅದನ್ನೂ ಕೇಳಿ. ಸ್ಕ್ರೂವಿನ ಕೆಳಗೆ ಕಪ್ಪು ರಬ್ಬರ್ ವಾಷರ್ ಇರುತ್ತದೆ. ಸೋರುವ ಬಹಳಷ್ಟು ಮನೆಗಳಲ್ಲಿ ನಾನು ಕಂಡಿದ್ದು ಅಲ್ಲೇ. ಒಂದೋ ರಬ್ಬರ್ ಸೀಳುವಷ್ಟು ಬಿಗಿ ಮಾಡಿರುತ್ತಾರೆ, ಇಲ್ಲವೇ ಸ್ಕ್ರೂ ಓರೆಯಾಗಿ ಇಳಿದಿರುತ್ತದೆ. ಇದೆಲ್ಲ ಸರಿಯಾಗಿಟ್ಟು ನನಗಿಂತ ಕಮ್ಮಿಗೆ ಯಾರಾದರೂ ಮಾಡಿಕೊಟ್ಟರೆ ಅವರಿಗೇ ಕೊಡಿ. ನನಗೆ ಬೇಜಾರಿಲ್ಲ.

ದಿನಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಾಲು ಬರಲು ಒಂದು ವಾರ, ಕೆಲಸಕ್ಕೆ ಎಂಟೊಂಬತ್ತು ದಿನ. ಮೇ ಮೊದಲ ವಾರದಲ್ಲಿ ಹೇಳಿದರೂ ಮಳೆಗೆ ಮುಂಚೆ ಮುಗಿಸಬಹುದು. ಅದಕ್ಕಿಂತ ತಡವಾದರೆ ನಾನೇ ಬೇಡ ಅನ್ನುತ್ತೇನೆ. ಒದ್ದೆ ತಾರಸಿಯ ಮೇಲೆ ವೆಲ್ಡಿಂಗ್ ಮಾಡುವುದು ಹುಡುಗರ ಜೀವಕ್ಕೆ ಒಳ್ಳೆಯದಲ್ಲ. ಆಗ ಹಲಸಿನ ಮರದ ಕಡೆಯ ಮೂಲೆಗೆ ಈ ವರ್ಷವೂ ಆ ನೀಲಿ ಟಾರ್ಪಾಲೇ ಇರಲಿ, ದೀಪಾವಳಿ ಕಳೆದ ಮೇಲೆ ನೋಡೋಣ. ತೇವ ಇದ್ದರೂ ಆ ಮೂಲೆ ಇನ್ನೊಂದು ಮಳೆಗಾಲ ತಡೆಯುತ್ತದೆ ಅಂತ ನನ್ನ ಅಂದಾಜು. ಕಬ್ಬಿಣ ಇನ್ನೂ ಹೊರಗೆ ಕಾಣುತ್ತಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ. ಬೇರೆಯವರಿಗೆ ಒಪ್ಪಿಸಿದರೆ ಅಥವಾ ಸದ್ಯಕ್ಕೆ ಬೇಡ ಅನ್ನಿಸಿದರೆ 'ಬೇಡ' ಅಂತ ಒಂದು ಮೆಸೇಜ್ ಹಾಕಿ ಸಾಕು, ಅಂಗಡಿಯವರಿಗೆ ತಿಳಿಸುತ್ತೇನೆ. ಏನೂ ಹೇಳದಿದ್ದರೂ ನಾನು ಮತ್ತೆ ಮತ್ತೆ ಕೇಳುವುದಿಲ್ಲ.

ಒಂದು ಮರೆತೆ. ಬಚ್ಚಲ ಒಲೆಯ ಹೊಗೆ ಕೊಳವೆ ತಾರಸಿಯಿಂದ ಎಷ್ಟು ಎತ್ತರ ಇದೆ ಅಂತ ಅವತ್ತು ಅಳೆದುಕೊಳ್ಳಲಿಲ್ಲ. ಕೆಲಸ ಯಾರೇ ಮಾಡಲಿ, ಅದನ್ನು ಶೀಟಿನ ಮೇಲೆ ಎರಡು ಅಡಿ ಎತ್ತರಿಸಲು ಹೇಳಿ. ಇಲ್ಲದಿದ್ದರೆ ಹೊಗೆಯೆಲ್ಲ ಶೀಟಿನ ಅಡಿಯಲ್ಲೇ ಸುತ್ತಿ, ಒಣಗಲು ಹರವಿದ ಅಡಿಕೆಗೆ ಹಿಡಿಯುತ್ತದೆ.

ಅಮ್ಮನವರಿಗೆ ನಮಸ್ಕಾರ ತಿಳಿಸಿ. ಎಲ್ಲರಿಗೂ ಯುಗಾದಿಯ ಶುಭಾಶಯ.

ಇಂತಿ,
ಮಂಜುನಾಥ
ವೆಲ್ಡಿಂಗ್ ಮತ್ತು ಶೀಟ್ ಕೆಲಸ, ಸಾಗರ