ಮಲ್ಪೆ ಹುಡುಗಿಯ ಓದಿನ ಪ್ಲಾನು (ಜೂನ್, ಜುಲೈ)

ಟೀಚರ್ರೇ, ಜಾರ್ಖಂಡಿಂದ ಬಂದ ಹುಡುಗಿ ಉಂಟಲ್ಲ, ಎರಡನೇ ಕ್ಲಾಸು, ಅವಳಿಗೆ ಮಾಡಿದ ಪ್ಲಾನು ಇದು. ಹಿಂದಿ ಅಕ್ಷರ ಅರ್ಧಂಬರ್ಧ ಬರ್ತದೆ, ಕನ್ನಡ ಸೊನ್ನೆ.

ಸೋಮ, ಬುಧ, ಶುಕ್ರ ಕನ್ನಡ, ಅರ್ಧ ಗಂಟೆ ಸಾಕು. ಮಂಗಳ, ಗುರು ಹಿಂದಿ, ಅದನ್ನು ಮನೇಲಿ ಅಮ್ಮನೇ ಓದಿಸ್ಲಿ, ಬಿಡಿಸ್ಬೇಡಿ, ಅಲ್ಲಿ ಗಟ್ಟಿಯಾದ್ರೆ ಇಲ್ಲಿ ಸುಲಭ. ಒಂದೇ ದಿನ ಎರಡೂ ಬೇಡ.

ಕಖಗಘ ಸಾಲಿನ ಕ್ರಮ, ಉಚ್ಚಾರ ಎರಡರಲ್ಲೂ ಒಂದೇ, ಅದನ್ನು ಕಲಿಸ್ಲಿಕ್ಕೆ ಟೈಮ್ ವೇಸ್ಟ್ ಮಾಡೋದು ಬೇಡ. ಕಷ್ಟ ಇರೋದು ಬೇರೆ ಕಡೆ. ಹಿಂದೀಲಿ ಹ್ರಸ್ವ ಎ, ಒ ಗೆ ಬೇರೆ ಅಕ್ಷರ ಇಲ್ಲ, ಹಾಗಾಗಿ ಬೆಳೆ, ಬೇಳೆ ಎರಡನ್ನೂ ಒಂದೇ ತರ ಓದ್ತಾಳೆ, ಮೇಲಿಂದ ಳ ಕೂಡ ಲ ಆಗ್ತದೆ. ಮೊದಲ ಎರಡು ವಾರ ಬರೀ ಇದೇ, ಅಕ್ಕಿ ಬೇಳೆ ಎದುರಿಗಿಟ್ಟು ಹೇಳಿಸಿ. ಆಮೇಲೆ ಪ, ವ, ಮ, ಷ ಒಟ್ಟಿಗೆ ಬರೆದು ಗುರುತು ಹಿಡಿಸೋದು.

ಒತ್ತಕ್ಷರ ಜುಲೈಗೆ. ಹಿಂದೀಲಿ ಮೊದಲಿನ ಅಕ್ಷರ ಅರ್ಧ ಆಗ್ತದೆ, ನಮ್ಮಲ್ಲಿ ಎರಡನೇದು ಕೆಳಗೆ ಇಳೀತದೆ, ಇದನ್ನು 'ಮಲ್ಪೆ' ಅಂತ ಬಸ್ ಬೋರ್ಡಲ್ಲೇ ತೋರಿಸ್ಬಹುದು. ಶನಿವಾರ ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋಗಿ ಉಡುಪಿ, ಮಣಿಪಾಲ, ಹೂಡೆ ಓದಿಸಿ.

ಕಾಪಿ ರೈಟಿಂಗ್ ಬೇಡ್ವೇ ಬೇಡ ಮಾರಾಯ್ರೇ, ಕೈ ನೋಯ್ತದೆ ಅಷ್ಟೇ. ಕನ್ನಡ ಅಕ್ಷರಕ್ಕೂ ಮೇಲೆ ಉದ್ದ ಗೆರೆ ಎಳೆದ್ರೆ ಬೈಬೇಡಿ, ತಾನಾಗಿ ಬಿಡ್ತಾಳೆ.

ಆಗಸ್ಟಲ್ಲಿ ಬೋಟು ಶುರುವಾದ್ರೆ ಅಪ್ಪ ಕಡಲಿಗೆ, ಅದಕ್ಕೇ ಮೊದಲೇ ಅವರನ್ನೂ ಒಂದು ದಿನ ಕೂರಿಸಿ ಓದಿಸಿ ತೋರಿಸಿ.