ಚಲನೆಯ ನಿಯಮಗಳು ಮತ್ತು ಘರ್ಷಣೆ: ಸರಿ ಉತ್ತರ ಆರಿಸಿ, ಕಾರಣ ತಿಳಿಯಿರಿ

ಮುಂಬೈ, ಪುಣೆ, ಗೋವಾದಲ್ಲಿ ಹನ್ನೊಂದನೇ ತರಗತಿಗೆ ಓದುತ್ತಿರುವ ಕನ್ನಡದ ಮಕ್ಕಳಿಗಾಗಿ ಈ ಪ್ರಶ್ನೆಗಳು. g ಬೆಲೆ 10 ಮೀ/ಸೆ² ಎಂದಿಟ್ಟುಕೊಳ್ಳಿ. ಆಯ್ಕೆಗಳತ್ತ ಕಣ್ಣು ಹಾಯಿಸುವ ಮೊದಲು ಎರಡು ವಿಷಯ ಬರೆದುಕೊಳ್ಳಿ: ಪ್ರಶ್ನೆ ಯಾವ ವಸ್ತುವಿನದು, ಆ ವಸ್ತುವಿನ ಮೇಲೆ ಯಾವ ಯಾವ ಬಲಗಳಿವೆ. ಬಹುಪಾಲು ತಪ್ಪುಗಳು ಇಲ್ಲಿಯೇ ಆಗುತ್ತವೆ, ಲೆಕ್ಕದಲ್ಲಲ್ಲ.

ಪ್ರಶ್ನೆ 1. ದಾದರ್ ಬಿಟ್ಟ ಲೋಕಲ್ ರೈಲು ನೇರ ಹಳಿಯ ಮೇಲೆ ಒಂದೇ ವೇಗದಲ್ಲಿ ಓಡುತ್ತಿದೆ. ಗಾಳಿ ತಾಗದ ಕಡೆ ನಿಂತವರು ಕೀಲಿಕೈಯನ್ನು ನೇರ ಮೇಲಕ್ಕೆ ಎಸೆದರೆ ಅದು ಬೀಳುವುದು
(ಅ) ಅವರ ಹಿಂದೆ (ಆ) ಅವರ ಮುಂದೆ (ಇ) ಅವರ ಕೈಗೇ

ಉತ್ತರ: (ಇ). ಕೈಬಿಟ್ಟ ಮೇಲೂ ಕೀಲಿಕೈಗೆ ರೈಲಿನ ವೇಗ ಇದ್ದೇ ಇರುತ್ತದೆ. ಅದನ್ನು ತಗ್ಗಿಸುವ ಅಡ್ಡ ಬಲ ಯಾವುದೂ ಇಲ್ಲ. ಕೀಲಿಕೈ ಗಾಳಿಯಲ್ಲಿರುವಾಗ ಮೋಟರ್‌ಮನ್ ಬ್ರೇಕ್ ಹಾಕಿದರೆ ಮಾತ್ರ ಅದು ಮುಂದೆ ಬೀಳುತ್ತದೆ.

ಪ್ರಶ್ನೆ 2. ಚಾಳಿನ ಕೋಣೆಯಲ್ಲಿ 60 ಕೆಜಿ ತೂಗುವ ಉಕ್ಕಿನ ಕಪಾಟು ಇದೆ. ಸ್ಥಾಯೀ ಘರ್ಷಣಾ ಗುಣಾಂಕ 0.4, ಜಾರು ಘರ್ಷಣಾ ಗುಣಾಂಕ 0.3. ಕಪಾಟನ್ನು 150 ನ್ಯೂಟನ್ ಬಲದಿಂದ ಅಡ್ಡಲಾಗಿ ತಳ್ಳಿದರೂ ಅದು ಕದಲಲಿಲ್ಲ. ಆಗ ನೆಲ ಕೊಡುವ ಘರ್ಷಣೆ
(ಅ) 240 ನ್ಯೂಟನ್ (ಆ) 180 ನ್ಯೂಟನ್ (ಇ) 150 ನ್ಯೂಟನ್ (ಈ) ಸೊನ್ನೆ

ಉತ್ತರ: (ಇ). 0.4 × 600 = 240 ಎಂದು ಗುಣಿಸಿ (ಅ) ಆರಿಸುವವರೇ ಹೆಚ್ಚು. ಆ 240 ಘರ್ಷಣೆ ಮುಟ್ಟಬಹುದಾದ ಮಿತಿ, ಈಗಿನ ಬೆಲೆಯಲ್ಲ. ಸ್ಥಾಯೀ ಘರ್ಷಣೆ ಎಷ್ಟು ಬೇಕೋ ಅಷ್ಟೇ ಹುಟ್ಟುತ್ತದೆ: 50 ತಳ್ಳಿದರೆ 50, 150 ತಳ್ಳಿದರೆ 150, ತಳ್ಳದೇ ಇದ್ದರೆ ಸೊನ್ನೆ. 150ಕ್ಕೆ ಎದುರಾಗಿ 240 ಬಂದಿದ್ದರೆ ಕಪಾಟು ತಳ್ಳಿದವರ ಮೇಲೆಯೇ ಬರಬೇಕಿತ್ತು!

ಈಗ 250 ನ್ಯೂಟನ್‌ನಿಂದ ತಳ್ಳಿ. ಮಿತಿ ದಾಟಿತು, ಕಪಾಟು ಜಾರತೊಡಗಿತು. ಆ ಕ್ಷಣದಿಂದ ಲೆಕ್ಕಕ್ಕೆ ಬರುವುದು ಜಾರು ಘರ್ಷಣೆ, 0.3 × 600 = 180 ನ್ಯೂಟನ್. ನಿವ್ವಳ ಬಲ 70 ನ್ಯೂಟನ್, ವೇಗೋತ್ಕರ್ಷ 70 ÷ 60, ಅಂದರೆ ಸುಮಾರು 1.2 ಮೀ/ಸೆ². ಭಾರದ ಸಾಮಾನು ಕದಲುವ ತನಕ ಕಷ್ಟ, ಕದಲಿದ ಮೇಲೆ ಹಗುರ ಅನ್ನಿಸುವುದಕ್ಕೆ ಕಾರಣ 240ಕ್ಕೂ 180ಕ್ಕೂ ಇರುವ ಈ ಅಂತರ.

ಪ್ರಶ್ನೆ 3. ಮಸ್ಜಿದ್ ಬಂದರ್‌ನಲ್ಲಿ ಹಮಾಲರೊಬ್ಬರು ಹಾತ್‌ಗಾಡಿ ಎಳೆಯುತ್ತಿದ್ದಾರೆ. ಅವರು ಗಾಡಿಯನ್ನು ಎಳೆದಷ್ಟೇ ಬಲದಿಂದ ಗಾಡಿಯೂ ಅವರನ್ನು ಹಿಂದಕ್ಕೆ ಎಳೆಯುತ್ತದೆ. ಹಾಗಿದ್ದರೂ ಗಾಡಿ ಹೊರಡುವುದು ಏಕೆಂದರೆ
(ಅ) ಹಮಾಲರ ಎಳೆತ ತುಸು ಹೆಚ್ಚಿರುತ್ತದೆ
(ಆ) ಗಾಡಿಯ ಪ್ರತಿಕ್ರಿಯೆ ತಡವಾಗಿ ಬರುತ್ತದೆ
(ಇ) ಆ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲಿವೆ

ಉತ್ತರ: (ಇ). ಕ್ರಿಯೆ, ಪ್ರತಿಕ್ರಿಯೆ ಒಂದೇ ಕ್ಷಣದಲ್ಲಿ, ಒಂದೇ ಪ್ರಮಾಣದಲ್ಲಿ ಹುಟ್ಟುತ್ತವೆ. ಹಾಗಾಗಿ (ಅ), (ಆ) ಎರಡೂ ಬಿದ್ದುಹೋಗುತ್ತವೆ. ಒಂದನ್ನೊಂದು ಅಳಿಸಬೇಕಾದರೆ ಎರಡೂ ಒಂದೇ ವಸ್ತುವಿನ ಮೇಲಿರಬೇಕು. ಗಾಡಿಯನ್ನಷ್ಟೇ ನೋಡಿ: ಮುಂದಕ್ಕೆ ಹಮಾಲರ ಎಳೆತ, ಹಿಂದಕ್ಕೆ ಗಾಲಿಗಳ ತಡೆ. ಎಳೆತ ಹೆಚ್ಚಾದರೆ ಗಾಡಿ ಹೊರಡುತ್ತದೆ. ಇನ್ನು ಹಮಾಲರನ್ನಷ್ಟೇ ನೋಡಿ: ಹಿಂದಕ್ಕೆ ಗಾಡಿಯ ಎಳೆತ, ಮುಂದಕ್ಕೆ ನೆಲದ ಘರ್ಷಣೆ. ಅವರ ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಅವರನ್ನು ಮುಂದಕ್ಕೆ ತಳ್ಳುತ್ತದೆ. ರಸ್ತೆಗೆ ಎಣ್ಣೆ ಚೆಲ್ಲಿದ್ದರೆ ಎಷ್ಟೇ ಗಟ್ಟಿಗರಾದರೂ ಕಾಲು ಹಿಂದಕ್ಕೆ ಜಾರುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಘರ್ಷಣೆ ಯಾವಾಗಲೂ ಚಲನೆಯನ್ನು ತಡೆಯುತ್ತದೆ ಎಂದು ಬಾಯಿಪಾಠ ಮಾಡಿದವರು ಇಲ್ಲಿ ನಿಂತು ಯೋಚಿಸಬೇಕು. ಅದು ತಡೆಯುವುದು ತಾಗಿಕೊಂಡಿರುವ ಎರಡು ಮೈಗಳ ನಡುವಿನ ಜಾರುವಿಕೆಯನ್ನು.

ಪ್ರಶ್ನೆ 4. ಪುಣೆಯ ಸಿಗ್ನಲ್‌ನಲ್ಲಿ ಹಸಿರು ದೀಪ ಬಂತು, ಸ್ಕೂಟರ್ ವೇಗ ಹೆಚ್ಚಿಸಿಕೊಂಡು ಹೊರಟಿತು. ಎಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು. ರಸ್ತೆಯ ಘರ್ಷಣೆ
(ಅ) ಎರಡೂ ಚಕ್ರಗಳ ಮೇಲೆ ಹಿಂದಕ್ಕೆ
(ಆ) ಹಿಂದಿನ ಚಕ್ರದ ಮೇಲೆ ಮುಂದಕ್ಕೆ, ಮುಂದಿನದರ ಮೇಲೆ ಹಿಂದಕ್ಕೆ
(ಇ) ಎರಡರ ಮೇಲೂ ಮುಂದಕ್ಕೆ

ಉತ್ತರ: (ಆ). ಹಿಂದಿನ ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಅದನ್ನು ಮುಂದಕ್ಕೆ ತಳ್ಳುತ್ತದೆ. ಮುಂದಿನ ಚಕ್ರ ತಾನಾಗಿ ತಿರುಗುವುದಿಲ್ಲ, ಅದನ್ನು ತಿರುಗಿಸಲು ಸಣ್ಣ ಘರ್ಷಣೆ ಹಿಂದಕ್ಕೆ ಬೇಕು. ಎರಡೂ ಬ್ರೇಕ್ ಹಿಡಿದಾಗ ಮಾತ್ರ ಎರಡರ ಮೇಲೂ ಹಿಂದಕ್ಕೆ.

ಪ್ರಶ್ನೆ 5. ಪುಣೆಯ ಮಾರ್ಕೆಟ್ ಯಾರ್ಡ್‌ನಿಂದ ಹೊರಟ ಟೆಂಪೋದಲ್ಲಿ ಹಗ್ಗ ಕಟ್ಟದ ಟೊಮೆಟೊ ಕ್ರೇಟುಗಳಿವೆ. ಕ್ರೇಟಿಗೂ ಟೆಂಪೋದ ತಳಕ್ಕೂ ನಡುವೆ ಘರ್ಷಣಾ ಗುಣಾಂಕ 0.3. ಯಾವ ವೇಗೋತ್ಕರ್ಷ ದಾಟಿದರೆ ಕ್ರೇಟು ಜಾರುತ್ತದೆ?
(ಅ) 0.3 ಮೀ/ಸೆ² (ಆ) 3 ಮೀ/ಸೆ² (ಇ) ಕ್ರೇಟಿನ ತೂಕ ಗೊತ್ತಿಲ್ಲದೆ ಹೇಳಲಾಗದು

ಉತ್ತರ: (ಆ). ಕ್ರೇಟನ್ನು ಮುಂದಕ್ಕೆ ಒಯ್ಯುವ ಬಲ ತಳದ ಘರ್ಷಣೆ ಒಂದೇ. ಅದರ ಮಿತಿ µmg, ಬೇಕಾದದ್ದು ma. ಎರಡೂ ಕಡೆಯ m ಹೋಗಿ a = µg ಉಳಿಯುತ್ತದೆ. ಬ್ರೇಕಿಗೂ ಇದೇ ಮಿತಿ. ಗಂಟೆಗೆ 50 ಕಿಮೀ, ಅಂದರೆ ಸೆಕೆಂಡಿಗೆ ಸುಮಾರು 13.9 ಮೀಟರ್ ವೇಗದಲ್ಲಿರುವ ಟೆಂಪೋ ಒಂದೇ ಸಮನಾಗಿ ವೇಗ ತಗ್ಗಿಸಿ 4.6 ಸೆಕೆಂಡಿಗಿಂತ ಬೇಗ ನಿಂತರೆ ಕ್ರೇಟು ಕ್ಯಾಬಿನ್ನಿನತ್ತ ಜಾರುತ್ತದೆ. ಭಾರ ಹೆಚ್ಚಿದೆ, ಕದಲಲ್ಲ ಎಂದು ಹಗ್ಗ ಬಿಡುವುದು ಅಪಾಯ.

ಪ್ರಶ್ನೆ 6. ಗೋವಾದಲ್ಲಿ ಮನೆ ಕಟ್ಟುವ ಕೆಂಪು ಕಲ್ಲನ್ನು ಮಲಗಿಸಿ ಎಳೆದರೂ ನಿಲ್ಲಿಸಿ ಎಳೆದರೂ ಜಾರು ಘರ್ಷಣೆ
(ಅ) ಮಲಗಿಸಿದಾಗ ಹೆಚ್ಚು (ಆ) ನಿಲ್ಲಿಸಿದಾಗ ಹೆಚ್ಚು (ಇ) ಹೆಚ್ಚುಕಡಿಮೆ ಅಷ್ಟೇ

ಉತ್ತರ: (ಇ). ತಾಗುವ ಜಾಗ ದೊಡ್ಡದಾದರೆ ಒತ್ತಡ ಹಂಚಿಹೋಗುತ್ತದೆ, ಲಂಬ ಬಲ ಬದಲಾಗುವುದಿಲ್ಲ. ಮೆತ್ತಗಿನ ರಬ್ಬರಿಗೆ ಈ ನಿಯಮ ಅಷ್ಟು ಸರಿಯಾಗಿ ಹೊಂದುವುದಿಲ್ಲ.

ಪ್ರಶ್ನೆ 7. ವಾಶಿ ಮಾರುಕಟ್ಟೆಯಲ್ಲಿ 50 ಕೆಜಿ ಈರುಳ್ಳಿ ಮೂಟೆಯನ್ನು ಜರುಗಿಸಬೇಕು. 200 ನ್ಯೂಟನ್ ಬಲ ನೆಲಕ್ಕೆ 30° ಕೋನದಲ್ಲಿ, ಗುಣಾಂಕ 0.3. ಯಾವುದು ಸುಲಭ?
(ಅ) ಮೇಲ್ಮುಖವಾಗಿ ಎಳೆಯುವುದು (ಆ) ಕೆಳಮುಖವಾಗಿ ತಳ್ಳುವುದು (ಇ) ಎರಡೂ ಒಂದೇ

ಉತ್ತರ: (ಅ). ಬಲದ ಲಂಬ ಭಾಗ 100 ನ್ಯೂಟನ್. ಎಳೆದರೆ ಅದು ಮೂಟೆಯನ್ನು ಎತ್ತುತ್ತದೆ: ಲಂಬ ಬಲ 400, ಘರ್ಷಣೆ 120. ತಳ್ಳಿದರೆ ನೆಲಕ್ಕೆ ಅದುಮುತ್ತದೆ: ಲಂಬ ಬಲ 600, ಘರ್ಷಣೆ 180. ಅಡ್ಡ ಭಾಗ ಎರಡರಲ್ಲೂ 173. ಹಾಗಾಗಿ ತಳ್ಳಿದಾಗ ಜಾರುತ್ತಿದ್ದ ಮೂಟೆಯೂ ನಿಧಾನವಾಗಿ ನಿಂತುಬಿಡುತ್ತದೆ. N ಎಂದರೆ mg ಎಂದು ಕಣ್ಣುಮುಚ್ಚಿ ಬರೆದವರಿಗೆ (ಇ) ಸರಿ ಅನ್ನಿಸುತ್ತದೆ.

ಪ್ರಶ್ನೆ 8. ಮಳೆಗಾಲದಲ್ಲಿ ಖಂಡಾಲಾ ಹತ್ತಿರದ ಸಮತಟ್ಟಾದ ರಸ್ತೆ. ಗಂಟೆಗೆ 60 ಕಿಮೀ ವೇಗದ ಕಾರು ಚಕ್ರಗಳು ಲಾಕ್ ಆಗಿ ಜಾರುತ್ತಾ ನಿಲ್ಲುತ್ತದೆ. ಗುಣಾಂಕ ಒಣ ರಸ್ತೆಯಲ್ಲಿ 0.7, ಒದ್ದೆಯಲ್ಲಿ 0.4 ಎಂದಿಟ್ಟುಕೊಳ್ಳಿ. ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರ ಸುಮಾರು
(ಅ) 20 ಮೀಟರ್ (ಆ) 35 ಮೀಟರ್ (ಇ) ಜನ ತುಂಬಿದಷ್ಟೂ ಹೆಚ್ಚು

ಉತ್ತರ: (ಆ). ವೇಗ ಸೆಕೆಂಡಿಗೆ 16.7 ಮೀಟರ್, ದೂರ v²/2µg. ಒಣ ರಸ್ತೆಯಲ್ಲಿ 20 ಮೀಟರ್, ಒದ್ದೆಯಲ್ಲಿ 35. ಸೂತ್ರದಲ್ಲಿ ದ್ರವ್ಯರಾಶಿಯೇ ಇಲ್ಲ, ಆದ್ದರಿಂದ (ಇ) ತಪ್ಪು. ವೇಗ ಮಾತ್ರ ವರ್ಗದಲ್ಲಿದೆ: 60 ಇದ್ದದ್ದು 120 ಆದರೆ ದೂರ ನಾಲ್ಕು ಪಟ್ಟು, ಸುಮಾರು 140 ಮೀಟರ್. ಬ್ರೇಕ್ ಮೇಲೆ ಕಾಲು ಬೀಳುವ ಮೊದಲೇ ಕಾರು ಸಾಗಿದ ದೂರ ಇದರಲ್ಲಿ ಸೇರಿಲ್ಲ. ಒಂದು ಸೆಕೆಂಡ್ ತಡವಾದರೆ 60ರ ವೇಗದಲ್ಲಿ ಇನ್ನೂ ಸುಮಾರು 17 ಮೀಟರ್ ಕೂಡಿಸಿ.